ಪಲ್ಲವಿ ಬರುವ ಮೊದಲೇ ಕಟ್ ಬಿದ್ದರೆ: ಎಐ ಮ್ಯೂಸಿಕ್ ವಿಡಿಯೊದ ದೋಷ ಹುಡುಕುವ ಕ್ರಮ

ಒಂದು ಹಾಡಿಗೆ ಸಾಲಾಗಿ ಪ್ರಾಂಪ್ಟ್‌ಗಳನ್ನು ಬರೆದಿದ್ದೀರಿ. ಒಂದೊಂದು ಪ್ರಾಂಪ್ಟ್‌ಗೂ ಕ್ಲಿಪ್ ಮಾಡಿಸಿ ಟೈಮ್‌ಲೈನ್ ಮೇಲೆ ಜೋಡಿಸಿದ್ದೀರಿ. ಮೊದಲ ಪಲ್ಲವಿ ಚೆನ್ನಾಗಿ ಕೂತಿದೆ. ಚರಣದ ಹೊತ್ತಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಕೊನೆಯ ಪಲ್ಲವಿಯಲ್ಲಂತೂ ಹಾಡು ಒಂದು ಕಡೆ, ದೃಶ್ಯ ಇನ್ನೊಂದು ಕಡೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಪ್ರಾಂಪ್ಟ್ ತಿದ್ದಲು ಕೂರುತ್ತಾರೆ. ‘ಬೀಟ್‌ಗೆ ತಕ್ಕಂತೆ’, ‘92 ಬಿಪಿಎಂ ವೇಗದಲ್ಲಿ’ ಎಂದು ಸೇರಿಸುತ್ತಾರೆ. ಬಿಪಿಎಂ ಎಂದರೆ ಒಂದು ನಿಮಿಷಕ್ಕೆ ಬೀಳುವ ಬೀಟ್‌ಗಳ ಸಂಖ್ಯೆ. ಕ್ಲಿಪ್ ಮತ್ತೆ ಮಾಡಿಸುತ್ತಾರೆ. ದೋಷ ಅಲ್ಲೇ ಇರುತ್ತದೆ. ಬರಹದಿಂದ ಅಥವಾ ಚಿತ್ರದಿಂದ ವಿಡಿಯೊ ಮಾಡುವ ಟೂಲ್‌ಗೆ ನೀವು ಹಾಡನ್ನೇ ಕೊಟ್ಟಿಲ್ಲ, ಅಲ್ವಾ? ಅದು ಕೇಳದ ಹಾಡಿನ ಬೀಟ್ ಅದಕ್ಕೆ ಹೇಗೆ ಗೊತ್ತಾಗಬೇಕು? ಆಡಿಯೊ ಫೈಲ್ ತೆಗೆದುಕೊಳ್ಳುವ ಟೂಲ್‌ಗಳೂ ಇವೆ. ಆದರೆ ಅವುಗಳಿಂದ ಬಂದ ಕ್ಲಿಪ್‌ಗಳನ್ನೂ ಕೊನೆಗೆ ನೀವೇ ಜೋಡಿಸುವುದಾದರೆ ಮುಂದೆ ಹೇಳುವ ಪರೀಕ್ಷೆಗಳನ್ನು ಬಿಡುವಂತಿಲ್ಲ.

ಆದ್ದರಿಂದ ಮೊದಲು ಕೆಲಸವನ್ನು ಎರಡಾಗಿ ಒಡೆಯಿರಿ. ಕಟ್ ಯಾವ ಕ್ಷಣದಲ್ಲಿ ಬೀಳಬೇಕು ಎನ್ನುವುದು ಶಾಟ್ ಪಟ್ಟಿಯ ಕೆಲಸ, ಅಂದರೆ ಯಾವ ಶಾಟ್ ಎಲ್ಲಿ ಶುರುವಾಗಿ ಎಷ್ಟು ಹೊತ್ತು ಇರುತ್ತದೆ ಎಂದು ಬರೆದ ಪಟ್ಟಿಯ ಕೆಲಸ. ಅದು ಬರೀ ಲೆಕ್ಕ. ಆ ಕಟ್ ಆದ ಮೇಲೆ ಏನು ಕಾಣಬೇಕು ಎನ್ನುವುದು ಪ್ರಾಂಪ್ಟ್‌ನ ಕೆಲಸ. ಭಾವ ಇರುವುದು ಅಲ್ಲಿ. ಕಾಲದ ದೋಷವನ್ನು ಪ್ರಾಂಪ್ಟ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಭಾವದ ದೋಷವನ್ನು ಟೈಮ್‌ಲೈನ್‌ನಲ್ಲಿ ಎಳೆದಾಡಿದರೂ ಹೋಗುವುದಿಲ್ಲ.

ಮೊದಲು ಕಿವಿಯ ಮೋಸ ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಸಿಂಕ್ ನೋಡಬೇಡಿ. ಅದರಲ್ಲಿ ಶಬ್ದ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ ತಡವಾಗಿ ಬರುತ್ತದೆ. ಸೆಕೆಂಡಿಗೆ 24 ಫ್ರೇಮ್‌ನ ವಿಡಿಯೊದಲ್ಲಿ ಅದು ಎರಡು ಮೂರು ಫ್ರೇಮ್ ಆಯಿತು. ಕಟ್ ಸರಿಯಾಗಿದ್ದರೂ ಮುಂಚೆ ಬಿದ್ದಂತೆ ಕಾಣುತ್ತದೆ. ನೀವು ಅದನ್ನು ‘ಸರಿಪಡಿಸಿ’ದರೆ ಉಳಿದ ಎಲ್ಲರಿಗೂ ತಪ್ಪಾಗುತ್ತದೆ. ವೈರ್ ಇರುವ ಹೆಡ್‌ಫೋನ್ ಅಥವಾ ಕಂಪ್ಯೂಟರ್‌ನದೇ ಸ್ಪೀಕರ್ ಬಳಸಿ. ಅದಕ್ಕಿಂತ ಒಳ್ಳೆಯದು, ಟೈಮ್‌ಲೈನ್‌ನಲ್ಲಿ ಆಡಿಯೊ ಅಲೆಯನ್ನು ದೊಡ್ಡದು ಮಾಡಿ, ಡ್ರಮ್ ಹೊಡೆತದ ಚೂಪು ಎಲ್ಲಿದೆ, ಕಟ್ ಎಲ್ಲಿದೆ ಎಂದು ಕಣ್ಣಲ್ಲೇ ನೋಡಿ. ಮುಂದಿನ ಅಳತೆಗಳೆಲ್ಲ ಹೀಗೆ ಕಣ್ಣಲ್ಲಿ ನೋಡಿ ಮಾಡುವಂಥವು.

ತಪ್ಪು ಎಷ್ಟು ಎನ್ನುವುದಕ್ಕಿಂತ ಅದು ಹೇಗೆ ಬೆಳೆಯುತ್ತದೆ ಎಂದು ನೋಡಿ

ಇದೇ ಇಡೀ ರೋಗಪತ್ತೆಯ ತಿರುಳು. ಹಾಡಿನ ಪ್ರತಿ ಭಾಗ ಶುರುವಾಗುವ ಕಡೆ ಎರಡು ಸಮಯ ಬರೆದುಕೊಳ್ಳಿ. ಒಂದು, ಹಾಡಿನಲ್ಲಿ ಆ ಭಾಗದ ಮೊದಲ ಬೀಟ್ ನಿಜವಾಗಿ ಬೀಳುವ ಸಮಯ. ಇನ್ನೊಂದು, ನಿಮ್ಮ ಕಟ್ ಇರುವ ಸಮಯ. ಎರಡರ ವ್ಯತ್ಯಾಸವನ್ನು ಸಾಲಾಗಿ ಬರೆಯಿರಿ. ಆ ಸಾಲು ನಾಲ್ಕು ರೀತಿಯಲ್ಲಿ ಕಾಣಬಹುದು.

ವ್ಯತ್ಯಾಸ ಎಲ್ಲ ಕಡೆ ಒಂದೇ ಇದ್ದರೆ ಶುರುವಿನ ಜಾಗ ತಪ್ಪಿದೆ ಎಂದರ್ಥ. ಆಡಿಯೊ ಫೈಲಿನ ಸೊನ್ನೆ ಸೆಕೆಂಡಿಗೇ ಮೊದಲ ಬೀಟ್ ಬೀಳುತ್ತದೆ ಎಂದು ಅಂದುಕೊಂಡಿರುತ್ತೀರಿ. ಆದರೆ ಮೊದಲು ಸ್ವಲ್ಪ ಮೌನವೋ ಒಂದು ಉಸಿರೋ ಇರುತ್ತದೆ. ಎಂಪಿ3 ಫೈಲ್ ಆದರೆ ಎನ್‌ಕೋಡರ್ ತಾನೇ ಶುರುವಿನಲ್ಲಿ ಒಂದಷ್ಟು ಖಾಲಿ ಸೇರಿಸಿರುತ್ತದೆ. ಸಾಮಾನ್ಯವಾಗಿ ಅದು ಒಂದು ಫ್ರೇಮ್ ಸುತ್ತಮುತ್ತ ಇರುತ್ತದೆ, ಅಷ್ಟೇ. ಎಲ್ಲ ಕಟ್‌ಗಳನ್ನೂ ಒಟ್ಟಿಗೆ ಹಿಡಿದು ಸರಿಸಿದರೆ ಕೆಲಸ ಮುಗಿಯಿತು.

ವ್ಯತ್ಯಾಸ ಒಂದೇ ಸಮನೆ ಬೆಳೆಯುತ್ತಾ ಹೋದರೆ ವೇಗದ ಲೆಕ್ಕದಲ್ಲಿ ತಪ್ಪಿದೆ. ಬಿಪಿಎಂ ಸ್ವಲ್ಪ ತಪ್ಪಾಗಿರಬಹುದು, ಇಲ್ಲವೇ ಲೆಕ್ಕ ಮಾಡುವಾಗ ಸಂಖ್ಯೆಯ ಬಾಲ ಕತ್ತರಿಸಿರಬಹುದು.

ಒಂದು ಜಾಗದವರೆಗೆ ಸರಿಯಾಗಿದ್ದು ಅಲ್ಲಿಂದ ದಿಢೀರನೆ ಜಿಗಿದರೆ, ಹಾಡಿನ ಆ ಭಾಗ ನೀವು ಎಣಿಸಿದಷ್ಟು ಉದ್ದವಿಲ್ಲ. ಎಲ್ಲೋ ಒಂದೆರಡು ಬೀಟ್ ಜಾಸ್ತಿ ಇದೆ ಅಥವಾ ಕಡಿಮೆ ಇದೆ.

ವ್ಯತ್ಯಾಸ ಒಮ್ಮೆ ಮುಂದೆ, ಒಮ್ಮೆ ಹಿಂದೆ ಓಲಾಡಿದರೆ ಆ ಹಾಡನ್ನು ಕ್ಲಿಕ್ ಟ್ರ್ಯಾಕ್ ಇಲ್ಲದೆ, ಅಂದರೆ ಕಿವಿಯಲ್ಲಿ ಒಂದೇ ವೇಗದ ಟಕ್ ಟಕ್ ಶಬ್ದ ಕೇಳಿಸಿಕೊಳ್ಳದೆ ನುಡಿಸಿದ್ದಾರೆ. ಅದಕ್ಕೆ ಒಂದೇ ಬಿಪಿಎಂ ಎನ್ನುವುದೇ ಇಲ್ಲ. ಅಲ್ಲಿ ಯಾವ ಸೂತ್ರವೂ ನಡೆಯುವುದಿಲ್ಲ. ಹಾಡು ಕೇಳುತ್ತಾ ಪ್ರತಿ ಸುತ್ತಿನ ಮೊದಲ ಬೀಟ್‌ಗೆ ಕೈಯಾರೆ ಮಾರ್ಕರ್ ಹಾಕಬೇಕು. ಬೇಸರದ ಕೆಲಸ ನಿಜ, ಆದರೆ ಮೂರು ನಿಮಿಷದ ಹಾಡಿಗೆ ಅದು ದೊಡ್ಡ ಹೊರೆಯೇನಲ್ಲ.

ಒಂದು ಹಾಡನ್ನು ಹಿಡಿದು ನೋಡೋಣ

ಮೂರು ನಿಮಿಷಕ್ಕೆ ಸ್ವಲ್ಪ ಕಡಿಮೆ ಇರುವ ಒಂದು ಹಾಡು. 92 ಬಿಪಿಎಂ. ನಾಲ್ಕು ಬೀಟ್‌ಗೆ ಒಂದು ಸುತ್ತು. ಅದನ್ನು ಬಾರ್ ಎಂದು ಕರೆಯೋಣ. ವಿಡಿಯೊ 24 ಫ್ರೇಮ್. ಫೈಲಿನಲ್ಲಿ ಮೊದಲ ಬೀಟ್ ಬೀಳುವುದು 0.42 ಸೆಕೆಂಡಿಗೆ. ಹಾಡಿನ ಭಾಗಗಳು ಹೀಗಿವೆ:

```
ಇಂಟ್ರೊ           4 ಬಾರ್
ಪಲ್ಲವಿ 1          8
ವಾದ್ಯ ಭಾಗ        8
ಚರಣ            16
ಪಲ್ಲವಿ 2          8
ನಿಧಾನದ ಭಾಗ      4
ಕೊನೆಯ ಪಲ್ಲವಿ    16
ಮುಕ್ತಾಯ          4
```

ಒಂದು ಬಾರ್ ಎಷ್ಟು ಸೆಕೆಂಡ್? ನಾಲ್ಕು ಬೀಟ್ ಗುಣಿಸು 60 ಸೆಕೆಂಡ್, ಅಂದರೆ 240 ಅನ್ನು 92ರಿಂದ ಭಾಗಿಸಿದರೆ 2.6087 ಬರುತ್ತದೆ. ಶಾಟ್ ಪಟ್ಟಿ ಮಾಡಿದವರು ಅದನ್ನು 2.6 ಎಂದು ಇಟ್ಟುಕೊಂಡಿದ್ದಾರೆ. ಇಷ್ಟು ಚಿಕ್ಕ ಬಾಲ ಕತ್ತರಿಸಿದರೆ ಏನಾಗುತ್ತದೆ ಅನ್ನಿಸಬಹುದು. ಅಳೆದು ನೋಡಿದಾಗ ಸಿಕ್ಕಿದ್ದು ಇದು. ಎಲ್ಲ ಕಡೆಯೂ ಕಟ್ ಬೀಟ್‌ಗಿಂತ ಮುಂಚೆಯೇ ಬೀಳುತ್ತಿದೆ:

```
ಪಲ್ಲವಿ 1          0.03 ಸೆಕೆಂಡ್ ಮುಂಚೆ
ಚರಣ            0.17
ಪಲ್ಲವಿ 2          0.31
ನಿಧಾನದ ಭಾಗ      0.38
ಕೊನೆಯ ಪಲ್ಲವಿ    1.72
ಮುಕ್ತಾಯ          1.86
```

ಮೊದಲ ಪಲ್ಲವಿಯಲ್ಲಿ ತಪ್ಪು ಒಂದು ಫ್ರೇಮ್‌ಗಿಂತಲೂ ಕಡಿಮೆ. ಅದಕ್ಕೇ ಅಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಚರಣದಲ್ಲಿ ನಾಲ್ಕು ಫ್ರೇಮ್ ಆಗುತ್ತದೆ. ಕಣ್ಣಿಗೆ ಇದು ಕಟ್ ತಪ್ಪಿದೆ ಎಂದು ಹೊಳೆಯುವುದಿಲ್ಲ, ಸುಮ್ನೆ ಏನೋ ಅವಸರ ಅನ್ನಿಸುತ್ತದೆ. ಎರಡನೇ ಪಲ್ಲವಿಯಲ್ಲಿ ಏಳೆಂಟು ಫ್ರೇಮ್. ಅಲ್ಲಿ ಯಾರಿಗಾದರೂ ಗೊತ್ತಾಗುತ್ತದೆ.

ಈಗ ಆ ಸಾಲನ್ನು ಮತ್ತೊಮ್ಮೆ ನೋಡಿ. ನಿಧಾನದ ಭಾಗದವರೆಗೆ ತಪ್ಪು ಒಂದೇ ಸಮನೆ ಬೆಳೆದಿದೆ. ಒಂದು ಬಾರ್‌ಗೆ ಸುಮಾರು 0.0087 ಸೆಕೆಂಡ್. ಅದು ಕತ್ತರಿಸಿದ ಬಾಲವೇ. ಆಮೇಲೆ 0.38ರಿಂದ ಒಮ್ಮೆಲೇ 1.72ಕ್ಕೆ ಹಾರಿದೆ. ನಾಲ್ಕು ಬಾರ್‌ನಲ್ಲಿ ಬಾಲದಿಂದ ಬೆಳೆಯಬೇಕಾದದ್ದು 0.03 ಮಾತ್ರ. ಹಾಗಾದರೆ ಇಲ್ಲಿ ಎರಡನೇ ದೋಷ ಒಂದು ಕೂತಿದೆ. ಅದರ ಅಳತೆ ಸುಮಾರು 1.3 ಸೆಕೆಂಡ್. ಈ ಹಾಡಿನಲ್ಲಿ ಒಂದು ಬೀಟ್ 0.652 ಸೆಕೆಂಡ್. ಎರಡು ಬೀಟ್ ಎಂದರೆ 1.304. ಲೆಕ್ಕ ಸರಿಯಾಗಿ ಕೂಡಿತು.

ನಿಧಾನದ ಭಾಗವನ್ನು ಬೆರಳು ಮಡಚಿ ಎಣಿಸುತ್ತಾ ಕೇಳಿದರೆ ವಿಷಯ ಗೊತ್ತಾಗುತ್ತದೆ. ಕೊನೆಯ ಪಲ್ಲವಿಗೆ ಹೋಗುವ ಮೊದಲು ಗಾಯಕಿ ಕೊನೆಯ ಸ್ವರವನ್ನು ಎರಡು ಬೀಟ್ ಜಾಸ್ತಿ ಹಿಡಿದಿದ್ದಾರೆ. ಆ ಭಾಗ ನಾಲ್ಕು ಬಾರ್ ಅಲ್ಲ, ನಾಲ್ಕೂವರೆ. ಹಾಡಿನಲ್ಲಿ ಕೇಳುಗನ ಉಸಿರು ಬಿಗಿಯಾಗುವ ಜಾಗ ಅದೇ. ಅಲ್ಲಿಯೇ ಪಟ್ಟಿ ತಪ್ಪಿರುವುದರಿಂದ ದೊಡ್ಡ ಪಲ್ಲವಿಯ ಮೊದಲ ಚಿತ್ರ ಗಾಯಕಿ ಇನ್ನೂ ಸ್ವರ ಹಿಡಿದಿರುವಾಗಲೇ ಬಂದುಬಿಟ್ಟಿದೆ.

ಎರಡು ದೋಷ ಒಂದರ ಮೇಲೊಂದು ಕೂತಾಗಲೇ ಜನ ಹೆಚ್ಚು ದಾರಿ ತಪ್ಪುವುದು. ಬಿಪಿಎಂ ಅನ್ನು 92ರಿಂದ 91.5ಕ್ಕೆ, 91ಕ್ಕೆ ಇಳಿಸುತ್ತಾ ಕೊನೆಯ ಪಲ್ಲವಿಯನ್ನು ಸರಿಹೊಂದಿಸಿದರೆ ಮಧ್ಯದ ಚರಣ ಕೆಡುತ್ತದೆ. ಅಳತೆಯ ಸಾಲು ಕಣ್ಣ ಮುಂದಿದ್ದರೆ ಈ ಹಗ್ಗಜಗ್ಗಾಟ ಬೇಕಾಗುವುದಿಲ್ಲ.

ಲೆಕ್ಕ ಸರಿಮಾಡುವುದು

ಮೊದಲ ನಿಯಮ: ಒಂದೊಂದು ಶಾಟ್‌ನ ಉದ್ದವನ್ನು ಫ್ರೇಮ್‌ಗೆ ಪೂರ್ತಿ ಮಾಡಿ ಕೂಡಿಸುತ್ತಾ ಹೋಗಬೇಡಿ. ಪ್ರತಿ ಸಲವೂ ಒಂದಿಷ್ಟು ತಪ್ಪು ಸೇರಿ ರಾಶಿಯಾಗುತ್ತದೆ. ಈ ಹಾಡಿನಲ್ಲಿ ಒಂದು ಬಾರ್ 62.6 ಫ್ರೇಮ್. ಅದನ್ನು 63 ಎಂದು ಹಿಡಿದು 68 ಬಾರ್ ಕೂಡಿಸಿದರೆ ಒಂದು ಸೆಕೆಂಡಿಗಿಂತ ಜಾಸ್ತಿ ತಪ್ಪುತ್ತದೆ. ಬದಲಿಗೆ ಪ್ರತಿ ಕಟ್ ಅನ್ನೂ ಹಾಡಿನ ಶುರುವಿನಿಂದಲೇ ಅಳೆಯಿರಿ. ಪೂರ್ತಿ ಮಾಡುವುದನ್ನು ಕೊನೆಯಲ್ಲಿ ಒಂದೇ ಸಲ ಮಾಡಿ. ಆಗ ಯಾವ ಕಟ್‌ನಲ್ಲೂ ತಪ್ಪು ಅರ್ಧ ಫ್ರೇಮ್ ದಾಟುವುದಿಲ್ಲ.

ಸ್ಪ್ರೆಡ್‌ಶೀಟ್‌ನಲ್ಲಿ ಮೊದಲ ಕಾಲಂನಲ್ಲಿ ಆ ಕಟ್‌ವರೆಗೆ ಕಳೆದ ಬಾರ್‌ಗಳ ಸಂಖ್ಯೆ ಹಾಕಿ. ಪಕ್ಕದ ಕಾಲಂನಲ್ಲಿ ಈ ಸೂತ್ರ:

```
=ROUND((0.42+A2*240/92)*24,0)
```

ಮೊದಲ ಪಲ್ಲವಿಗೆ 4 ಹಾಕಿದರೆ 261ನೇ ಫ್ರೇಮ್ ಬರುತ್ತದೆ. ಎರಡನೇ ಪಲ್ಲವಿಗೆ 36 ಹಾಕಿದರೆ 2264. ಕೊನೆಯ ಪಲ್ಲವಿಗೆ 48 ಅಲ್ಲ, 48.5 ಹಾಕಬೇಕು. ಆಗ 3047 ಬರುತ್ತದೆ. ಮೂರು ಬೀಟ್‌ನ ಸುತ್ತಿರುವ ಹಾಡಾದರೆ 240ರ ಜಾಗದಲ್ಲಿ 180 ಇರಬೇಕು. ಇದನ್ನು ಮರೆತರೆ ಎರಡನೇ ಕಟ್‌ನಿಂದಲೇ ಎಲ್ಲ ಕೆಡುತ್ತದೆ, ಹಾಗಾಗಿ ಗೊತ್ತಾಗದೇ ಉಳಿಯುವ ಭಯವಿಲ್ಲ.

ಶಾಟ್ ಪಟ್ಟಿಯನ್ನೂ ಪ್ರಾಂಪ್ಟ್ ಕೊಟ್ಟು ಬರೆಸುವವರಿದ್ದಾರೆ. ಭಾಗಗಳ ವಿವರಣೆ, ದೃಶ್ಯದ ಕಲ್ಪನೆ ಅಲ್ಲಿಂದ ಬರಲಿ. ಸೆಕೆಂಡ್ ಮತ್ತು ಫ್ರೇಮ್ ಮಾತ್ರ ಸ್ಪ್ರೆಡ್‌ಶೀಟ್‌ನಿಂದಲೇ ಬರಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಭಾಷಾ ಮಾದರಿಗಳು ಉದ್ದನೆಯ ಪಟ್ಟಿಯಲ್ಲಿ ದಶಮಾಂಶಗಳನ್ನು ಕೂಡಿಸುವಾಗ ಸಲೀಸಾಗಿ ತಪ್ಪುತ್ತವೆ. ತಪ್ಪಿದ ಸಂಖ್ಯೆಯೂ ಸರಿಯಾದದ್ದರಷ್ಟೇ ಅಂದವಾಗಿ ಕಾಣುತ್ತದೆ. ಪ್ರಾಂಪ್ಟ್‌ನಲ್ಲಿ ‘ಸಮಯ ಬರೆಯಬೇಡ, ಶಾಟ್‌ನ ಉದ್ದವನ್ನು ಬಾರ್‌ಗಳಲ್ಲಿ ಮಾತ್ರ ಹೇಳು’ ಎಂದು ಸೇರಿಸಿದರೆ ಸಾಕು.

ಲೆಕ್ಕ ಸರಿಮಾಡಿದ ಮೇಲೂ ಸಣ್ಣ ಬೆಳವಣಿಗೆ ಉಳಿದರೆ, ಹಾಡಿನ ಕೊನೆಗೆ ನಾಲ್ಕು ಫ್ರೇಮ್‌ನಷ್ಟು ತಡ ಕಂಡರೆ, ಪ್ರಾಜೆಕ್ಟ್ ಸೆಟ್ಟಿಂಗ್ ತೆರೆದು ನೋಡಿ. ಸೂತ್ರ 24ಕ್ಕೆ ಬರೆದು ಟೈಮ್‌ಲೈನ್ 23.976ಕ್ಕೆ ಇಟ್ಟಿದ್ದರೆ ಮೂರು ನಿಮಿಷಕ್ಕೆ ಸರಿಯಾಗಿ ಅಷ್ಟೇ ಅಂತರ ಬರುತ್ತದೆ.

ಬಿಪಿಎಂ ಹೇಳುವ ಸಾಫ್ಟ್‌ವೇರ್‌ನ ಇನ್ನೊಂದು ಅಭ್ಯಾಸವೂ ಗೊತ್ತಿರಲಿ. 92ರ ಹಾಡನ್ನು ಅದು 184 ಎಂದೋ 46 ಎಂದೋ ಹೇಳಬಹುದು. ಬಾರ್‌ಗಳನ್ನೂ ಅದೇ ವೇಗಕ್ಕೆ ಎಣಿಸಿದ್ದರೆ ಕಟ್‌ಗಳೆಲ್ಲ ಬೀಟ್ ಮೇಲೆಯೇ ಬೀಳುತ್ತವೆ. ಅಳತೆಯ ಸಾಲಿನಲ್ಲಿ ದೋಷವೇ ಕಾಣುವುದಿಲ್ಲ. ಆದರೆ ಇಡೀ ವಿಡಿಯೊ ಓಡುತ್ತಿರುವಂತೆಯೋ ಎಳೆದಂತೆಯೋ ಇರುತ್ತದೆ. ಹಾಡಿಗೆ ತಾನಾಗಿ ಚಪ್ಪಾಳೆ ತಟ್ಟಿ ನೋಡಿ. ನಿಮ್ಮ ಕೈ ಹಿಡಿದ ವೇಗವೇ ಆ ಹಾಡಿನ ನಡೆ.

ಕ್ಲಿಪ್ ಉದ್ದ ಸಾಲದಿದ್ದಾಗ

ಈ ಹಾಡಿನಲ್ಲಿ ಎರಡು ಬಾರ್ ಎಂದರೆ 5.2 ಸೆಕೆಂಡ್. ಟೂಲ್ ಕೊಡುವ ಕ್ಲಿಪ್ 5 ಸೆಕೆಂಡ್ ಇದ್ದರೆ ಐದು ಫ್ರೇಮ್ ಖಾಲಿ ಉಳಿಯುತ್ತದೆ. ಆ ಖಾಲಿಯನ್ನು ಮುಚ್ಚಲು ಮುಂದಿನ ಕ್ಲಿಪ್ ಎಳೆದರೆ ಕಟ್ ಬೀಟ್ ಬಿಟ್ಟು ಜಾರುತ್ತದೆ. ಒಂದು ಕಡೆ ಮಾತ್ರ ತಪ್ಪಿ, ಮುಂದಿನ ಕಟ್‌ನಲ್ಲಿ ಮತ್ತೆ ಸರಿಯಾಗುವ ದೋಷ ಕಂಡರೆ ಕಾರಣ ಹೆಚ್ಚಾಗಿ ಇದೇ.

ಆಕಾಶ, ನೀರು, ಖಾಲಿ ರಸ್ತೆಯಂಥ ಶಾಟ್ ಆದರೆ ಕ್ಲಿಪ್ ವೇಗವನ್ನು ಶೇಕಡ 95ಕ್ಕೆ ಇಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮನುಷ್ಯ ನಡೆಯುವ ಶಾಟ್‌ನಲ್ಲೂ ಅಷ್ಟು ನಡೆದೀತು. ಹಾಡುವ ತುಟಿ ಕಾಣುವ ಶಾಟ್‌ಗೆ ಮಾತ್ರ ಇದು ಬೇಡವೇ ಬೇಡ.

ಇನ್ನೂ ಒಳ್ಳೆಯ ದಾರಿ ಎಂದರೆ ಬೇಕಾದ್ದಕ್ಕಿಂತ ಒಂದೆರಡು ಸೆಕೆಂಡ್ ಉದ್ದದ ಕ್ಲಿಪ್ ಮಾಡಿಸಿ ಮಧ್ಯದ ಭಾಗ ಬಳಸುವುದು. ಇದಕ್ಕೆ ಇನ್ನೊಂದು ಕಾರಣವೂ ಇದೆ. ಸ್ಥಿರ ಚಿತ್ರದಿಂದ ಮಾಡಿಸಿದ ಕ್ಲಿಪ್‌ನಲ್ಲಿ ಚಲನೆ ಹುಟ್ಟಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಮೊದಲ ಹತ್ತು ಹದಿನೈದು ಫ್ರೇಮ್ ಹೆಚ್ಚುಕಡಿಮೆ ಫೋಟೊ ಥರ ನಿಂತಿರುತ್ತದೆ. ನಿಮ್ಮ ಕಟ್ ಸರಿಯಾಗಿ ಬೀಟ್ ಮೇಲೆ ಬಿದ್ದಿದ್ದರೂ ಚಿತ್ರ ಅರ್ಧ ಸೆಕೆಂಡ್ ಆದ ಮೇಲೆ ಎಚ್ಚರಗೊಳ್ಳುತ್ತದೆ. ನೋಡುವವರಿಗೆ ಕಟ್ಟೇ ತಡವಾದಂತೆ ಅನ್ನಿಸುತ್ತದೆ. ಅಲೆಯ ಚೂಪಿಗೆ ಕಟ್ ಸರಿಯಾಗಿ ಕೂತಿದೆ, ಆದರೂ ತಡ ಅನ್ನಿಸುತ್ತಿದೆ ಎಂದಾದರೆ ಕ್ಲಿಪ್‌ನ ಶುರುವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ. ಚಲನೆ ಶುರುವಾಗುವ ಜಾಗದಿಂದ ಕತ್ತರಿಸಿ.

ಕೈ ಬೀಸುವುದು, ತಿರುಗಿ ನೋಡುವುದು, ಬಾಗಿಲು ತೆರೆಯುವುದು ಇಂಥ ಒಂದು ಕ್ರಿಯೆ ಇರುವ ಶಾಟ್‌ನಲ್ಲಿ ಕಟ್‌ಗಿಂತ ಆ ಕ್ರಿಯೆಯ ತುದಿಯೇ ಬೀಟ್ ಮೇಲೆ ಬೀಳುವಂತೆ ನೋಡಿಕೊಳ್ಳಿ. ಕಣ್ಣು ಹಿಡಿಯುವುದು ಅದನ್ನೇ. ಹಾಗೆಯೇ ಕಟ್ ಅನ್ನು ಬೀಟ್‌ಗಿಂತ ಒಂದು ಫ್ರೇಮ್ ಮುಂಚೆ ಇಡುವ ಎಡಿಟರ್‌ಗಳು ಬಹಳ ಇದ್ದಾರೆ. ನನಗೂ ಅದೇ ಇಷ್ಟ. ತಡವಾದ ಕಟ್‌ಗಿಂತ ಕೂದಲೆಳೆ ಮುಂಚಿನ ಕಟ್ ಹಾಡಿಗೆ ಹೆಚ್ಚು ಅಂಟಿಕೊಂಡಂತೆ ಕಾಣುತ್ತದೆ. ಆದರೆ ಲೆಕ್ಕ ಸರಿಯಾಗುವ ಮೊದಲು ಈ ಸರಿಸುವಿಕೆಗೆ ಕೈ ಹಾಕಬೇಡಿ. ಆಮೇಲೆ ಯಾವುದು ದೋಷ, ಯಾವುದು ನಿಮ್ಮ ಆಯ್ಕೆ ಎಂದು ತಿಳಿಯುವುದಿಲ್ಲ.

ಒಂದು ಕ್ಲಿಪ್‌ನ ಒಳಗೇ ಟೂಲ್ ತಾನಾಗಿ ಕಟ್ ಮಾಡಿಬಿಡುವುದೂ ಉಂಟು. ಆ ಕಟ್ ನಿಮ್ಮ ಪಟ್ಟಿಯಲ್ಲಿ ಇರುವುದಿಲ್ಲ, ಬೀಟ್ ಮೇಲೂ ಇರುವುದಿಲ್ಲ. ಪ್ರಾಂಪ್ಟ್‌ನಲ್ಲಿ ‘ಮ್ಯೂಸಿಕ್ ವಿಡಿಯೊ’, ‘ಮೊಂಟಾಜ್’, ‘ವೇಗದ ಕಟ್‌ಗಳು’ ಇಂಥ ಮಾತಿದೆಯೇ ನೋಡಿ. ಅವನ್ನು ತೆಗೆದು ‘ಒಂದೇ ನಿರಂತರ ಶಾಟ್’ ಎಂದು ಬರೆಯಿರಿ. ಒಂದು ಪ್ರಾಂಪ್ಟ್‌ನಲ್ಲಿ ಎರಡು ಜಾಗ ಅಥವಾ ‘ಆಮೇಲೆ’ ಎನ್ನುವ ಪದ ಇದ್ದರೂ ಹೀಗಾಗುತ್ತದೆ.

ಬೀಟ್ ಸರಿಯಾಯಿತು, ಭಾವ ಬರಲಿಲ್ಲ

ಇದು ಎರಡನೇ ಜಾತಿಯ ದೋಷ. ಪತ್ತೆ ಮಾಡಲು ಶಬ್ದ ನಿಲ್ಲಿಸಿ ಇಡೀ ವಿಡಿಯೊ ನೋಡಿ. ಹಾಡಿನ ಭಾಗ ಎಲ್ಲೆಲ್ಲಿ ಬದಲಾಯಿತು ಎಂದು ಚಿತ್ರ ನೋಡಿಯೇ ಬೆರಳಿಟ್ಟು ತೋರಿಸಲು ಆಗಬೇಕು. ಆಗದಿದ್ದರೆ ಭಾವವನ್ನು ಹೊರುವ ಕೆಲಸ ಪೂರ್ತಿ ಹಾಡಿನ ಮೇಲೇ ಬಿದ್ದಿದೆ.

ಆಮೇಲೆ ಬೇರೆ ಬೇರೆ ಭಾಗಗಳ ಎರಡು ಪ್ರಾಂಪ್ಟ್‌ಗಳನ್ನು ಅಕ್ಕಪಕ್ಕ ಇಡಿ. ಎರಡರಲ್ಲೂ ಇರುವ ಪದಗಳನ್ನು ಹೊಡೆದುಹಾಕಿ. ಉಳಿದದ್ದೇನು? ನಮ್ಮ ಹಾಡಿನಲ್ಲಿ ಮೊದಲ ಪಲ್ಲವಿಯ ಮತ್ತು ನಿಧಾನದ ಭಾಗದ ಪ್ರಾಂಪ್ಟ್‌ಗಳು ಹೀಗಿದ್ದವು ಎಂದುಕೊಳ್ಳಿ:

```
ಹಳದಿ ರೇನ್‌ಕೋಟ್ ಹಾಕಿದ ಯುವತಿ, ಮಳೆಯ ರಸ್ತೆ,
ಸಿನಿಮಾದಂತೆ ಸುಂದರ, ಸಂತೋಷದ ಭಾವ

ಹಳದಿ ರೇನ್‌ಕೋಟ್ ಹಾಕಿದ ಯುವತಿ, ಮಳೆಯ ರಸ್ತೆ,
ಸಿನಿಮಾದಂತೆ ಸುಂದರ, ವಿಷಾದದ ಭಾವ
```

ಉಳಿದದ್ದು ‘ಸಂತೋಷ’ ಮತ್ತು ‘ವಿಷಾದ’ ಮಾತ್ರ. ಈ ಎರಡು ಪದಗಳಿಗೆ ಟೂಲ್ ಮಾಡಬಹುದಾದ್ದು ಮುಖದ ಮೇಲೆ ನಗು ಇಡುವುದು ಅಥವಾ ತೆಗೆಯುವುದು. ಮಧ್ಯಮ ದೂರದ ಶಾಟ್‌ನಲ್ಲಿ, ಮಳೆಯಲ್ಲಿ, ಅದು ಕಾಣುವುದೂ ಇಲ್ಲ.

ಭಾವದ ಹೆಸರಿನ ಬದಲು ಕಣ್ಣಿಗೆ ಕಾಣುವ ವಿಷಯ ಬರೆಯಬೇಕು. ಕ್ಯಾಮೆರಾ ಎಷ್ಟು ಹತ್ತಿರ, ಅದು ಚಲಿಸುತ್ತದೆಯೇ, ಬೆಳಕು ಎಲ್ಲಿಂದ ಮತ್ತು ಯಾವ ಬಣ್ಣ, ಚೌಕಟ್ಟಿನಲ್ಲಿ ಎಷ್ಟು ಚಲನೆ. ಈ ನಾಲ್ಕು ಸಾಕು. ಅದೇ ಪ್ರಾಂಪ್ಟ್‌ಗಳನ್ನು ತಿದ್ದಿದಾಗ:

```
ಪಲ್ಲವಿ 1:
ಹಳದಿ ರೇನ್‌ಕೋಟ್ ಹಾಕಿದ ಯುವತಿ ಮಳೆಯ ರಸ್ತೆಯಲ್ಲಿ
ಕ್ಯಾಮೆರಾ ಕಡೆಗೆ ಚುರುಕಾಗಿ ನಡೆಯುತ್ತಾಳೆ. ಮೊಣಕಾಲಿನಿಂದ
ಮೇಲೆ ಕಾಣುತ್ತಾಳೆ. ಕ್ಯಾಮೆರಾ ಅವಳ ಮುಂದೆ ಹಿಂದಕ್ಕೆ ಸರಿಯುತ್ತದೆ.
ಹಿಂದಿನ ಅಂಗಡಿಗಳ ಬೆಚ್ಚನೆ ಬೆಳಕು. ಒಂದೇ ನಿರಂತರ ಶಾಟ್.

ನಿಧಾನದ ಭಾಗ:
ಹಳದಿ ರೇನ್‌ಕೋಟ್ ಹಾಕಿದ ಯುವತಿ ಮಳೆಯ ರಸ್ತೆಯಲ್ಲಿ
ಅಲುಗಾಡದೆ ನಿಂತಿದ್ದಾಳೆ. ತುಂಬ ದೂರದ ಶಾಟ್, ಅವಳು ಚಿಕ್ಕದಾಗಿ
ಕಾಣುತ್ತಾಳೆ. ಕ್ಯಾಮೆರಾ ಸ್ಥಿರ. ಅಂಗಡಿಗಳು ಮುಚ್ಚಿವೆ, ಒಂದೇ
ಬೀದಿದೀಪದ ತಣ್ಣನೆಯ ನೀಲಿ ಬೆಳಕು. ಒಂದೇ ನಿರಂತರ ಶಾಟ್.
```

ಎರಡರಲ್ಲೂ ಭಾವದ ಹೆಸರೇ ಇಲ್ಲ. ಆದರೂ ಶಬ್ದವಿಲ್ಲದೆ ನೋಡಿದರೆ ಹಾಡು ಎಲ್ಲಿ ತಗ್ಗಿತು ಎಂದು ತಿಳಿಯುತ್ತದೆ. ಮೊದಲ ಸಾಲಿನ ‘ಹಳದಿ ರೇನ್‌ಕೋಟ್ ಹಾಕಿದ ಯುವತಿ ಮಳೆಯ ರಸ್ತೆಯಲ್ಲಿ’ ಎನ್ನುವುದನ್ನು ಅಕ್ಷರವೂ ಬದಲಿಸದೆ ಇಟ್ಟಿರುವುದನ್ನು ಗಮನಿಸಿ. ಅದು ಇಡೀ ಸರಣಿಯ ಸ್ಥಿರ ಭಾಗ. ಒಂದು ಕಡೆ ‘ಹಳದಿ ಕೋಟು’, ಇನ್ನೊಂದು ಕಡೆ ‘ಅರಿಶಿನ ಬಣ್ಣದ ಜಾಕೆಟ್’ ಎಂದು ಬರೆದರೆ ಬೇರೆ ಬೇರೆ ಬಟ್ಟೆ ಬರುತ್ತದೆ. ನೋಡುವವರಿಗೆ ಅದು ಭಾವದ ಬದಲಾವಣೆಯಾಗಿ ಕಾಣುವುದಿಲ್ಲ, ಬೇರೆ ವಿಡಿಯೊ ಸೇರಿಕೊಂಡಂತೆ ಕಾಣುತ್ತದೆ. ಮುಖವನ್ನು ಬರಹದಿಂದ ಮಾತ್ರ ಹಿಡಿದಿಡುವುದು ಕಷ್ಟ. ಎಲ್ಲ ಶಾಟ್‌ಗೂ ಒಂದೇ ಮಾದರಿ ಚಿತ್ರ ಕೊಡುವುದು ಒಳ್ಳೆಯದು.

ಮೂರು ಪಲ್ಲವಿಗಳಿಗೂ ಒಂದೇ ಪ್ರಾಂಪ್ಟ್ ಬಳಸಿದರೆ ಹಾಡು ಏರುತ್ತಾ ಹೋದರೂ ಚಿತ್ರ ನಿಂತಲ್ಲೇ ನಿಂತಿರುತ್ತದೆ. ಪೂರ್ತಿ ಹೊಸದನ್ನು ಬರೆದರೆ ಪಲ್ಲವಿ ಮರಳಿ ಬಂತು ಎನ್ನುವ ಗುರುತೇ ಹೋಗುತ್ತದೆ. ನಡಿಗೆ, ಹಿಂದಕ್ಕೆ ಸರಿಯುವ ಕ್ಯಾಮೆರಾ, ಬೆಚ್ಚನೆ ಬೆಳಕು ಹಾಗೇ ಇರಲಿ. ಎರಡನೇ ಪಲ್ಲವಿಯಲ್ಲಿ ಅವಳ ಹಿಂದೆ ಇನ್ನೂ ನಾಲ್ಕು ಜನ ನಡೆಯಲಿ. ಕೊನೆಯ ಪಲ್ಲವಿಯಲ್ಲಿ ರಸ್ತೆ ತುಂಬ ಜನ ಇರಲಿ, ಅವಳು ಓಡುತ್ತಿರಲಿ. ಒಂದು ಸಲಕ್ಕೆ ಒಂದೆರಡು ಅಂಶ ಮಾತ್ರ ಬದಲಾಗಬೇಕು.

ಕಟ್ ಎಷ್ಟು ದಟ್ಟವಾಗಿರಬೇಕು

ಭಾವ ಬರದಿರಲು ಇನ್ನೊಂದು ದೊಡ್ಡ ಕಾರಣ ಎಲ್ಲ ಕಡೆಯೂ ಒಂದೇ ಅಂತರದಲ್ಲಿ ಕಟ್ ಇಡುವುದು. ಪ್ರತಿ ಬಾರ್‌ಗೂ ಒಂದು ಕಟ್ ಎಂದು ಇಡೀ ಹಾಡಿಗೆ ಇಟ್ಟರೆ ಲೆಕ್ಕ ಸುಲಭ, ಆದರೆ ಅರ್ಧ ನಿಮಿಷದಲ್ಲೇ ಕಣ್ಣು ಆ ಅಂತರಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಯಾವ ಕಟ್‌ಗೂ ಬೆಲೆ ಇರುವುದಿಲ್ಲ.

ಈ ಹಾಡಿಗೆ ನಾನು ಹಂಚುವುದು ಹೀಗೆ. ಇಂಟ್ರೊ, ವಾದ್ಯ ಭಾಗ, ಚರಣ ಎಲ್ಲದರಲ್ಲೂ ಎರಡು ಬಾರ್‌ಗೆ ಒಂದು ಶಾಟ್. ಪಲ್ಲವಿಯಲ್ಲಿ ಒಂದು ಬಾರ್‌ಗೆ ಒಂದು. ನಿಧಾನದ ಭಾಗದ ನಾಲ್ಕೂವರೆ ಬಾರ್‌ಗೆ ಒಂದೇ ಶಾಟ್, ಕಟ್ ಇಲ್ಲ. ಕೊನೆಯ ಪಲ್ಲವಿಯ ಮೊದಲ ಎಂಟು ಬಾರ್‌ನಲ್ಲಿ ಬಾರ್‌ಗೆ ಒಂದು, ಉಳಿದ ಎಂಟರಲ್ಲಿ ಅರ್ಧ ಬಾರ್‌ಗೆ ಒಂದು. ಅಂದರೆ 1.3 ಸೆಕೆಂಡಿಗೊಂದು ಕಟ್. ಅದಕ್ಕಿಂತ ವೇಗ ಬೇಡ. ಈ ಹಾಡಿನಲ್ಲಿ ಪ್ರತಿ ಬೀಟ್‌ಗೂ ಕಟ್ ಇಟ್ಟರೆ ಶಾಟ್ ಹದಿನಾರು ಫ್ರೇಮ್‌ಗೂ ಕಡಿಮೆ ಆಗುತ್ತದೆ. ಅಷ್ಟರಲ್ಲಿ ಅವಳು ಓಡುತ್ತಿದ್ದಾಳೆ ಎನ್ನುವುದೂ ತಲೆಗೆ ಹತ್ತುವುದಿಲ್ಲ.

ನಿಧಾನದ ಭಾಗದ ಆ ಒಂಟಿ ಶಾಟ್ ಈ ಪಟ್ಟಿಯ ಜೀವ. ಅದರ ಉದ್ದ 11.7 ಸೆಕೆಂಡ್. ಅಷ್ಟು ಉದ್ದದ ಕ್ಲಿಪ್ ನಿಮ್ಮ ಟೂಲ್ ಕೊಡದಿದ್ದರೆ ಮೊದಲ ಕ್ಲಿಪ್‌ನ ಕೊನೆಯ ಫ್ರೇಮ್ ಅನ್ನು ಚಿತ್ರವಾಗಿ ಉಳಿಸಿ, ಅದರಿಂದಲೇ ಎರಡನೇ ಕ್ಲಿಪ್ ಶುರುಮಾಡಿಸಿ. ಕ್ಯಾಮೆರಾ ಸ್ಥಿರವಾಗಿರಲಿ ಎಂದು ಪ್ರಾಂಪ್ಟ್‌ನಲ್ಲಿ ಬರೆದದ್ದು ಇಲ್ಲಿ ಕೈಹಿಡಿಯುತ್ತದೆ. ಚಲಿಸುವ ಕ್ಯಾಮೆರಾ ಆದರೆ ಜೋಡಿಸಿದ ಕಡೆ ವೇಗ ಬದಲಾಗಿ ಎಡವಿದಂತೆ ಕಾಣುತ್ತದೆ. ಜೋಡಣೆಯಲ್ಲಿ ಬಣ್ಣ ಸ್ವಲ್ಪ ಹಾರಿದ್ದರೆ ಒಂದು ಚಿತ್ರ ಇನ್ನೊಂದರಲ್ಲಿ ಕರಗುವಂತೆ ಹತ್ತು ಹನ್ನೆರಡು ಫ್ರೇಮ್‌ನ ಡಿಸಾಲ್ವ್ ಹಾಕಿ. ಮಳೆ ಇರುವುದರಿಂದ ಅದು ಮುಚ್ಚಿಹೋಗುತ್ತದೆ.

ಗಾಯಕಿ ಜಾಸ್ತಿ ಹಿಡಿದ ಆ ಎರಡು ಬೀಟ್‌ಗಳೂ ಇದೇ ಶಾಟ್‌ನ ಒಳಗೇ ಬರುತ್ತವೆ. ಹಾಗಾಗಿ ಕೊನೆಯ ಪರೀಕ್ಷೆಯನ್ನು ಅಲ್ಲೇ ಮಾಡಿ. 3047ನೇ ಫ್ರೇಮ್‌ಗೆ ಹೋಗಿ, ಅದರ ಹಿಂದಿನ ಮೂರು ಸೆಕೆಂಡ್‌ಗಳನ್ನು ಮತ್ತೆ ಮತ್ತೆ ಓಡಿಸಿ. ಸ್ವರ ಮುಗಿಯುವವರೆಗೂ ಅವಳು ದೂರದಲ್ಲಿ ಅಲುಗಾಡದೆ ನಿಂತಿರಬೇಕು. ಡ್ರಮ್ ಬಿದ್ದ ಫ್ರೇಮ್‌ನಲ್ಲಿ, ಇಲ್ಲವೇ ಅದಕ್ಕೆ ಒಂದು ಫ್ರೇಮ್ ಮುಂಚೆ, ಅವಳು ಆಗಲೇ ಓಡುತ್ತಿರಬೇಕು. ಓಡಲು ಶುರುಮಾಡುತ್ತಿದ್ದರೆ ಆ ಕ್ಲಿಪ್‌ನ ತಲೆಯನ್ನು ಇನ್ನಷ್ಟು ಕತ್ತರಿಸಬೇಕು.